ನಾನು ಒಪ್ಪದ ಕ್ರೆಡಿಟ್ ನೋಟು

ನಾನು ಅನುಮಾನದ ಮನುಷ್ಯ. ಮೊನ್ನೆ ಮೊನ್ನೆಯ ತನಕ ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆ ಇರಲಿಲ್ಲ. ಆಂಡರ್ಸನ್‌ಪೇಟೆಯಲ್ಲಿ ಪೈಪು, ನಲ್ಲಿ, ಮೋಟಾರು ಸಾಮಾನಿನ ಅಂಗಡಿ ಇಟ್ಟುಕೊಂಡು ಇಪ್ಪತ್ತು ವರ್ಷದ ಮೇಲಾಯಿತು. ಅಂಗಡಿಯವನಿಗೆ ಅನುಮಾನ ದಿನಾ ಬೇಕು, ಅಳತೆ ಟೇಪು ಬೇಕಾದ ಹಾಗೆ. ಗಿರಾಕಿ ಫೋನು ತೋರಿಸಿ ‘ಪೇ ಆಯ್ತು’ ಅಂದರೂ ನನ್ನ ಮೇಜಿನ ಮೇಲಿನ ಡಬ್ಬಿ ಬಾಯಿಬಿಟ್ಟು ಮೊತ್ತ ಕೂಗುವ ತನಕ ನಾನು ಸಾಮಾನು ಕೈಗೆ ಕೊಡುವವನಲ್ಲ. ಬೇತಮಂಗಲದ ಕೆರೆಯಿಂದ ಊರಿಗೆ ನೀರು ನಾಲ್ಕು ದಿನ ಬರಲಿಲ್ಲ ಅಂದರೆ ನನ್ನ ವ್ಯಾಪಾರ ಜೋರು, ಆ ದಿನಗಳಲ್ಲಿ ನನ್ನ ಅನುಮಾನವೂ ಜೋರು.

ಹೆಂಡತಿಯ ತವರು ಆಂಧ್ರದ ಗಡಿಯ ಹಳ್ಳಿ. ಜಗಳಕ್ಕೆ ಕನ್ನಡ, ಬುದ್ಧಿಮಾತಿಗೆ ತೆಲುಗು ಅವಳ ಪದ್ಧತಿ. ನಾನು ಯಾರ ಮೇಲಾದರೂ ಗೊಣಗಿದರೆ ‘ಅನುಮಾನಂ ಪೆನುಭೂತಂ’ ಅಂದು ಒಳಗೆ ಹೋಗಿಬಿಡುತ್ತಾಳೆ. ಅನುಮಾನವೇ ದೊಡ್ಡ ಭೂತ ಅಂತ. ಭೂತವೇ ಆಗಲಿ, ಅದೇ ನನ್ನ ಅಂಗಡಿ ಕಾಯ್ದಿದೆ ಅಂತ ನಾನು ಅಂದುಕೊಳ್ಳುತ್ತಿದ್ದೆ.

ಆರು ವರ್ಷದ ಹಿಂದೆ ಬಂಗಾರಪೇಟೆಯಲ್ಲಿ ಇನ್ನೊಂದು ಅಂಗಡಿ ತೆರೆದೆ. ಎರಡು ಕಡೆಯ ಲೆಕ್ಕ ಒಂದೇ ಕಡೆ ಕಾಣಬೇಕು ಅಂತ ಆಗ ಕಂಪ್ಯೂಟರಿನಲ್ಲಿ ಬಿಲ್ ಹಾಕುವ ಒಂದು ಸಾಫ್ಟ್‌ವೇರಿಗೆ ಚಂದಾ ಕಟ್ಟಿದೆವು. ವರ್ಷಕ್ಕೊಮ್ಮೆ ಹತ್ತು ಸಾವಿರ, ಅದರ ಮೇಲೆ ಜಿಎಸ್‌ಟಿ ಸಾವಿರದ ಎಂಟುನೂರು. ಅದನ್ನು ಹಾಕಿಸಿಕೊಳ್ಳಿ ಅಂತ ಹೇಳಿದ್ದು ನಮ್ಮ ಲೆಕ್ಕದ ಹೆಣ್ಣುಮಗಳು. ಬಂಗಾರಪೇಟೆಯ ಸ್ಟೇಷನ್ ಹತ್ತಿರ, ಒಂದು ಜೆರಾಕ್ಸ್ ಅಂಗಡಿಯ ಮಹಡಿ ಮೇಲೆ ಅವಳ ಆಫೀಸು. ಸುತ್ತಿನ ಹಳ್ಳಿಯವಳೇ. ಕೂಲಿ ಮಾಡುವ ಮನೆಯಿಂದ ಬಂದು, ಬಿಕಾಂ ಓದಿ, ನನ್ನಂಥ ಹತ್ತಾರು ಅಂಗಡಿಗಳ ಜಿಎಸ್‌ಟಿ ರಿಟರ್ನ್ ಹಾಕುತ್ತಾಳೆ. ಎಂಟು ವರ್ಷದಿಂದ ನನ್ನ ಲೆಕ್ಕವೂ ಅವಳದೇ. ತಿಂಗಳ ಇಪ್ಪತ್ತರೊಳಗೆ ಒಂದು ದಿನ ಅವಳ ಫೋನು ಬರುತ್ತಿತ್ತು.

‘ಅಣ್ಣಾ, ಎಲ್ಲಾ ಸರಿ ಐತೆ. ಆಕ್ಬಿಡ್ಲಾ?’

‘ಆಕ್ಬಿಡಮ್ಮಾ.’

ಆಮೇಲೆ ನನ್ನ ಫೋನಿಗೆ ಓಟಿಪಿ ಬರುತ್ತಿತ್ತು. ನಾನು ಆರು ಅಂಕಿ ಓದುತ್ತಿದ್ದೆ, ಅವಳು ‘ಆಯ್ತಣ್ಣಾ’ ಅನ್ನುತ್ತಿದ್ದಳು. ಜಗತ್ತಿನಲ್ಲಿ ನಾನು ಓಟಿಪಿ ಓದಿ ಹೇಳುತ್ತಿದ್ದದ್ದು ಅವಳೊಬ್ಬಳಿಗೇ. ಹೆಂಡತಿಗೂ ಹೇಳಿದವನಲ್ಲ.

ಬಂಗಾರಪೇಟೆಯ ಅಂಗಡಿ ಓಡಲಿಲ್ಲ. ಬಾಗಿಲು ಹಾಕಿದೆ. ಒಂದೇ ಅಂಗಡಿಗೆ ಬಿಲ್ ಬುಕ್ಕೇ ಸಾಕು, ಸಾಫ್ಟ್‌ವೇರು ಯಾಕೆ ಅನ್ನಿಸಿತು. ಹೋದ ವರ್ಷದ ಮಾತು. ಚಂದಾ ಮುಗಿಯುವ ತಿಂಗಳು, ‘ನಾಳೆ ನಿಮ್ಮ ಖಾತೆಯಿಂದ ಹನ್ನೊಂದು ಸಾವಿರದ ಎಂಟುನೂರು ಕಡಿತವಾಗಲಿದೆ’ ಅಂತ ಫೋನಿಗೆ ಒಂದು ಸಂದೇಶ ಬಂತು. ನನಗೆ ನಗು ಬಂತು. ಇಂಥ ಸಂದೇಶ ಕಳಿಸಿ, ಕೊಂಡಿ ಒತ್ತಿಸಿ, ದುಡ್ಡು ಹೊಡೆಯುವವರ ಕಥೆ ದಿನಾ ಕೇಳುತ್ತೇವಲ್ಲ. ನಾನು ಹಳೇ ಹುಲಿ ಅಂದುಕೊಂಡು ಅಳಿಸಿಹಾಕಿದೆ. ಮಾರನೆಯ ದಿನ ದುಡ್ಡು ನಿಜವಾಗಿಯೂ ಹೋಯಿತು. ಚಂದಾ ಶುರು ಮಾಡುವಾಗ ವರ್ಷವರ್ಷ ತಾನಾಗಿ ಕಟ್ಟಿಕೊಳ್ಳಲಿ ಅಂತ ನಾನೇ ಒಪ್ಪಿಗೆ ಕೊಟ್ಟಿದ್ದೆನಂತೆ. ಮೋಸದ ಸಂದೇಶ ಅಂದುಕೊಂಡು ಅಳಿಸಿದ್ದೇ ಬ್ಯಾಂಕಿನ ನಿಜವಾದ ಎಚ್ಚರಿಕೆ. ಇದನ್ನು ಇವತ್ತು ನಗುತ್ತಾ ಬರೆಯುತ್ತಿದ್ದೇನೆ. ಅವತ್ತು ಕೈಯಲ್ಲಿದ್ದ ಬಿಲ್ ಬುಕ್ಕನ್ನು ಎಸೆದಿದ್ದೆ.

ಬ್ಯಾಂಕಿನ ಆ್ಯಪಿಗೆ ಹೋಗಿ ಆ ಒಪ್ಪಿಗೆಯನ್ನು ರದ್ದು ಮಾಡಿದೆ. ಮುಗೀತು ಅಂದುಕೊಂಡೆ. ಲೆಕ್ಕದವಳಿಗೆ ಫೋನು ಮಾಡಿ ಹೇಳಿದರೆ ಅವಳು ಸಮಾಧಾನವಾಗಿ ನನ್ನ ಮಾತು ತಿದ್ದಿದಳು.

‘ಅದು ಮುಂದಿನ ವರ್ಷ ದುಡ್ಡು ಓಗದಂಗೆ ಆಯ್ತಣ್ಣಾ. ಚಂದಾ ನಿಂತಿಲ್ಲ. ಕಂಪನಿಗೆ ಬರವಣಿಗೇಲಿ ಏಳ್ಬೇಕು. ಅವ್ರ ನಿಯಮ ನೋಡಿದೆ, ಕಟ್ಟಿಸ್ಕೊಂಡ ಮೂವತ್ತು ದಿನದೊಳಗೆ ಬೇಡ ಅಂದ್ರೆ ಪೂರ್ತಿ ವಾಪಸ್ಸು.’

ಅವಳು ಹೇಳುತ್ತಾ ಹೋದಳು, ಹೆಂಡತಿ ಬರೆದುಕೊಂಡಳು. ಕಂಪನಿಯಲ್ಲಿ ನೋಂದಾಯಿಸಿದ ಇಮೇಲಿನಿಂದಲೇ ಹೋಗಬೇಕು. ಗಿರಾಕಿ ಸಂಖ್ಯೆ ಇರಬೇಕು, ನಮ್ಮ ಜಿಎಸ್‌ಟಿ ಸಂಖ್ಯೆ ಇರಬೇಕು. ಇಂಥ ದಿನದಿಂದ ಚಂದಾ ಬೇಡ ಅಂತ ಇರಬೇಕು. ಕಡೆಯದಾಗಿ, ಈಗ ಕತ್ತರಿಸಿಕೊಂಡ ದುಡ್ಡಿಗೆ ಟ್ಯಾಕ್ಸ್ ಇನ್‌ವಾಯ್ಸ್ ಕೊಡಿ, ಆಮೇಲೆ ಆ ಇನ್‌ವಾಯ್ಸಿನ ಸಂಖ್ಯೆ ಹಾಕಿ ಕ್ರೆಡಿಟ್ ನೋಟು ಕೊಡಿ ಅಂತ ಕೇಳಬೇಕು.

‘ಪ್ರೊಫಾರ್ಮಾ ಕಳಿಸ್ತಾರೆ, ಅದು ನಡೆಯಲ್ಲ. ಅದು ಬರೀ ಅಂದಾಜಿನ ಚೀಟಿ. ಟ್ಯಾಕ್ಸ್ ಇನ್‌ವಾಯ್ಸೇ ಬೇಕು ಅಂತ ಕೇಳ್ಸಿ,’ ಅಂದಳು. ‘ಉಳಿದಿದ್ದು ನಾನು ನೋಡ್ಕೊಂತೀನಿ. ನೀವು ತಲೆ ಕೆಡಿಸ್ಕೋಬೇಡಿ.’

ತಲೆ ಕೆಡಿಸಿಕೊಳ್ಳಬೇಡಿ ಅಂತ ಯಾರಾದರೂ ಅಂದರೆ ನನಗೆ ಆ ಕ್ಷಣದಿಂದಲೇ ತಲೆ ಕೆಡುತ್ತದೆ. ಆದರೂ ಸುಮ್ಮನಿದ್ದೆ. ಹೆಂಡತಿ ಇಮೇಲು ಕಳಿಸಿದಳು.

ಲೆಕ್ಕದವಳು ಹೇಳಿದ ಹಾಗೇ ಮೊದಲು ಪ್ರೊಫಾರ್ಮಾ ಬಂತು. ಬೇಡ ಅಂತ ಮತ್ತೆ ಬರೆದೆವು. ದುಡ್ಡು ಬಂದಿದೆ ಅಂತ ಒಂದು ರಸೀದಿ ಬಂತು. ಅದೂ ಬೇಡ ಅಂತ ಬರೆದೆವು. ‘ನಿಮ್ಮ ದೂರನ್ನು ಬಗೆಹರಿಸಲಾಗಿದೆ’ ಅಂತ ಒಂದು ಸಂದೇಶ ಬಂತು, ಏನೂ ಬಗೆಹರಿದಿರಲಿಲ್ಲ. ವಾರದ ಮೇಲೆ ನಿಜವಾದ ಟ್ಯಾಕ್ಸ್ ಇನ್‌ವಾಯ್ಸ್ ಬಂತು. ಅದರಲ್ಲಿ ನಮ್ಮ ಜಿಎಸ್‌ಟಿ ಸಂಖ್ಯೆ ಸರಿಯಾಗಿತ್ತು. ಆ ತಿಂಗಳ ರಿಟರ್ನ್ ಹಾಕುವಾಗ ಲೆಕ್ಕದವಳು ಆ ಸಾವಿರದ ಎಂಟುನೂರು ತೆರಿಗೆಯನ್ನು ನಮ್ಮ ಕಡೆಗೆ ಹಿಡಿದುಕೊಂಡಳು. ಅಂದರೆ, ನಾವು ಕಂಪನಿಗೆ ಕೊಟ್ಟ ತೆರಿಗೆ ಎಷ್ಟೋ, ನಾವು ಸರ್ಕಾರಕ್ಕೆ ಕಟ್ಟಬೇಕಾದ್ದರಲ್ಲಿ ಅಷ್ಟು ಕಡಿಮೆ. ಕ್ರೆಡಿಟ್ ನೋಟು ಬಂದಾಗ ಅದನ್ನು ವಾಪಸ್ ಬಿಡಬೇಕಾಗುತ್ತದೆ ಅಂತಲೂ ಹೇಳಿದಳು. ನಾನು ‘ಹೂಂ’ ಅಂದೆ. ಅರ್ಥವಾಗಿರಲಿಲ್ಲ.

ದುಡ್ಡು ಮಾತ್ರ ಬರಲಿಲ್ಲ. ಒಂದು ತಿಂಗಳಾಯಿತು, ಮತ್ತೆ ಹದಿನೈದು ದಿನವಾಯಿತು. ಕಂಪನಿಯ ಸಹಾಯವಾಣಿಗೆ ನಾನೇ ಫೋನು ಮಾಡಿದೆ. ಒಂದು ಹುಡುಗಿ ಬೆಂಗಳೂರಿನ ಕನ್ನಡದಲ್ಲಿ ಮೃದುವಾಗಿ ಮಾತಾಡಿದಳು.

‘ಸರ್, ನಿಮ್ಮ ಕನ್ಸಲ್ಟೆಂಟ್ ಮೇಡಂ ಜೊತೆ ಮಾತಾಡಿದೀವಿ. ಅವರಿಗೆ ಎಲ್ಲಾ ಗೊತ್ತು ಸರ್.’

‘ಯಾವಾಗ ಮಾತಾಡಿದ್ರಿ?’

‘ಹೋದ ವಾರ ಸರ್. ಅವರು ನಮಗೆ ಹಳೇ ಪರಿಚಯ.’

ಫೋನಿಟ್ಟ ಮೇಲೆ ನಾನು ಅಂಗಡಿಯ ಮುಂದೆ ಬಂದು ನಿಂತೆ. ಹಳೇ ಪರಿಚಯ. ಆ ಎರಡು ಪದ ಹಲ್ಲಿನ ಸಂದಿಗೆ ಸಿಕ್ಕ ನಾರಿನ ಹಾಗೆ ಸಿಕ್ಕಿಕೊಂಡವು. ಇಬ್ಬರೂ ನನ್ನ ಬೆನ್ನ ಹಿಂದೆ ಮಾತಾಡಿಕೊಂಡಿದ್ದಾರೆ. ಸಾಫ್ಟ್‌ವೇರು ಹಾಕಿಸಿಕೊಳ್ಳಿ ಅಂದವಳು ಯಾರು? ಅವಳೇ. ತಲೆ ಕೆಡಿಸಿಕೊಳ್ಳಬೇಡಿ ಅಂದವಳು? ಅವಳೇ. ಇಂಥ ಕಂಪನಿಗಳು ಗಿರಾಕಿ ತಂದುಕೊಟ್ಟವರಿಗೆ ಕಮಿಷನ್ ಕೊಡುವುದು ಲೋಕಕ್ಕೇ ಗೊತ್ತು. ನಾನು ಚಂದಾ ಬಿಟ್ಟರೆ ಅವಳ ಕಮಿಷನ್ನಿಗೂ ಕತ್ತರಿ. ಆದ್ದರಿಂದ ಎಳೆಯುತ್ತಿದ್ದಾರೆ. ಒಂದು ನೂಲು ಸಿಕ್ಕಿತು ಅಂದರೆ ನಾನು ಸೀರೆಯನ್ನೇ ನೇಯ್ದುಬಿಡುತ್ತೇನೆ.

ಹೆಂಡತಿಗೆ ಹೇಳಿದೆ. ‘ಆ ಉಡುಗಿ ಅಂಥೋಳಲ್ಲ,’ ಅಂದಳು. ‘ನಮ್ ಬಂಗಾರಪೇಟೆ ಅಂಗಡಿ ಮುಳುಗ್ತಿದ್ದಾಗ ಆರು ತಿಂಗ್ಳು ಫೀಸು ಕೇಳ್ದೇ ಇದ್ದೋಳು.’

‘ಅದೂ ಯಾಕೆ ಕೇಳ್ಲಿಲ್ಲ ಅಂತ ಈಗ ಗೊತ್ತಾಗ್ತೈತೆ,’ ಅಂದೆ. ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ ಅಂತ ದೊಡ್ಡವರು ಸುಮ್ಮನೆ ಹೇಳಿಲ್ಲ. ಅವಳ ಒಳ್ಳೆಯತನವೇ ನನಗೆ ಸಾಕ್ಷಿಯಾಗಿ ಕಂಡಿತು.

ಆ ವಾರವೇ ಕಂಪನಿಯಿಂದ ಇಮೇಲು ಬಂತು. ಹೆಂಡತಿ ಓದಿದಳು. ನಿಮ್ಮ ಚಂದಾ ರದ್ದಾಗಿದೆ. ಕ್ರೆಡಿಟ್ ನೋಟು ಮಾಡಿ ಜಿಎಸ್‌ಟಿ ಪೋರ್ಟಲಿಗೆ ಹಾಕಿದ್ದೇವೆ. ದಯವಿಟ್ಟು ಪೋರ್ಟಲಿನಲ್ಲಿ ಆ ನೋಟನ್ನು ಒಪ್ಪಿಕೊಳ್ಳಿ, ಒಪ್ಪಿಕೊಂಡ ಮೇಲೆ ಹಣ ಮರಳಿಸುತ್ತೇವೆ.

ನೋಟನ್ನು ಒಪ್ಪಿಕೊಳ್ಳಿ.

ಇಲ್ಲಿ ನಮ್ಮ ಕಡೆಯ ಒಂದು ಮಾತು ಹೇಳಬೇಕು. ನಮ್ಮಲ್ಲಿ ನೋಟು ಅಂದರೆ ಒಂದು ದುಡ್ಡು, ಇನ್ನೊಂದು ಸಾಲದ ಪತ್ರ. ‘ಅವನು ನೋಟು ಬರ್ಕೊಟ್ಟಿದ್ದಾನೆ’ ಅಂದರೆ ರೆವಿನ್ಯೂ ಸ್ಟಾಂಪಿನ ಮೇಲೆ ಸಹಿ ಹಾಕಿ ಸಾಲ ತಗೊಂಡಿದ್ದಾನೆ ಅಂತಲೇ ಅರ್ಥ. ಗಡಿಯ ಆಚೆ ತೆಲುಗರಲ್ಲೂ ಹಾಗೇ. ಕ್ರೆಡಿಟ್ ಅಂದರೆ ಉದ್ರಿ. ನನ್ನ ಅಂಗಡಿಯಲ್ಲೇ ‘ಕ್ರೆಡಿಟ್ ಕೇಳಬೇಡಿ’ ಅಂತ ಬೋರ್ಡು ತೂಗುತ್ತದೆ. ಎರಡನ್ನೂ ಸೇರಿಸಿದರೆ ಏನಾಗುತ್ತದೆ? ಉದ್ರಿ ಸಾಲದ ಪತ್ರ. ಅದನ್ನು ನಾನು ಒಪ್ಪಿಕೊಳ್ಳಬೇಕಂತೆ. ಅದನ್ನು ಕೇಳಿ ಅಂತ ನಮ್ಮ ಕೈಯಲ್ಲಿ ಬರೆಸಿದವಳೂ ಲೆಕ್ಕದವಳೇ.

ನಮ್ಮ ಮನೆಯಲ್ಲಿ ಆ ಪದಕ್ಕೆ ಬೇರೆಯೇ ತೂಕವಿದೆ. ಅಪ್ಪ ಇಲ್ಲಿನ ಚಿನ್ನದ ಗಣಿ ಮೈಸೂರು ಮೈನ್ಸಿನಲ್ಲಿ ಸುರಂಗಕ್ಕೆ ಇಳಿಯುತ್ತಿದ್ದವರು. ಜೊತೆಯ ಕೆಲಸಗಾರನೊಬ್ಬ ‘ಸಾಕ್ಷಿಗೆ ಒಂದು ಸಹಿ ಹಾಕು’ ಅಂದ ಅಂತ ಒಂದು ನೋಟಿನ ಮೇಲೆ ಹಾಕಿದರು. ಅಪ್ಪನಿಗೆ ತಮ್ಮ ಹೆಸರು ಬರೆಯಲು ಬರುತ್ತಿತ್ತು, ಓದಲು ಅಷ್ಟಾಗಿ ಬರುತ್ತಿರಲಿಲ್ಲ. ಅವನು ಸಾಕ್ಷಿಯ ಜಾಗ ಬಿಟ್ಟು, ಸಾಲಗಾರ ಸಹಿ ಹಾಕುವ ಸ್ಟಾಂಪಿನ ಮೇಲೆ ಹಾಕಿಸಿಕೊಂಡಿದ್ದ. ಗಣಿ ಮುಚ್ಚಿದಾಗ ಕೈಗೆ ಬಂದ ದುಡ್ಡಿನಲ್ಲಿ ಮೊದಲು ತೀರಿದ್ದು ಆ ಸಾಲ. ಅಪ್ಪ ಆಮೇಲೆ ಬದುಕಿದಷ್ಟು ದಿನವೂ ನನಗೆ ಹೇಳಿದ್ದು ಒಂದೇ ಮಾತು, ಓದದೆ ಯಾವುದಕ್ಕೂ ಸಹಿ ಹಾಕಬೇಡ.

ಪೋರ್ಟಲಿನ ಪಾಸ್‌ವರ್ಡನ್ನು ಲೆಕ್ಕದವಳೇ ಎಂಟು ವರ್ಷದ ಹಿಂದೆ ಒಂದು ಚೀಟಿಯಲ್ಲಿ ಬರೆದುಕೊಟ್ಟಿದ್ದಳು, ಬದಲಾಯಿಸಿದಾಗಲೆಲ್ಲ ಹೊಸ ಚೀಟಿ ಕೊಡುತ್ತಿದ್ದಳು. ನಿಮ್ಮದು ನಿಮ್ಮ ಹತ್ತಿರವೂ ಇರಲಿ ಅಂತ. ನಾನು ಒಂದು ದಿನವೂ ಬಳಸಿರಲಿಲ್ಲ. ಅವತ್ತು ಮಧ್ಯಾಹ್ನ ಅಂಗಡಿಯ ಕಂಪ್ಯೂಟರಿನಲ್ಲಿ ಅದನ್ನು ಹಾಕಿದೆ. ಒಳಗೆ ಹುಡುಕಿ ಹುಡುಕಿ, ನಮಗೆ ಬಂದ ಬಿಲ್ಲುಗಳನ್ನೆಲ್ಲ ತೋರಿಸುವ ಜಾಗ ಸಿಕ್ಕಿತು. ಕಂಪನಿಯ ಹೆಸರು, ಅದರ ಮುಂದೆ ಕ್ರೆಡಿಟ್ ನೋಟ್ ಅಂತ ಇತ್ತು, ಮೊತ್ತ ಹನ್ನೊಂದು ಸಾವಿರದ ಎಂಟುನೂರು. ಒಪ್ಪಿಗೆ, ತಿರಸ್ಕಾರ, ಆಮೇಲೆ ನೋಡೋಣ ಅಂತ ಮೂರು ದಾರಿ. ನಾನು ತಿರಸ್ಕಾರ ಒತ್ತಿ ಉಳಿಸಿದೆ. ಅಪ್ಪನ ಸಾಲ ಅವತ್ತು ತೀರಿದಷ್ಟು ಸಮಾಧಾನವಾಯಿತು. ಒಂದು ಟೀ ತರಿಸಿ ಕುಡಿದೆ.

ಮೂರು ದಿನ ಬಿಟ್ಟು ಲೆಕ್ಕದವಳ ಫೋನು ಬಂತು. ರಿಟರ್ನ್ ಹಾಕಲು ಎರಡು ದಿನ ಉಳಿದಿತ್ತು. ‘ಆಕ್ಬಿಡ್ಲಾ’ ಅನ್ನಲಿಲ್ಲ.

‘ಅಣ್ಣಾ, ನೀವೇನಾದ್ರೂ ಪೋರ್ಟಲ್‌ಗೆ ಓಗಿದ್ರಾ? ಕ್ರೆಡಿಟ್ ನೋಟು ರಿಜೆಕ್ಟ್ ಅಂತ ತೋರಿಸ್ತೈತೆ.’

‘ಓಗಿದ್ದೆ. ಯಾಕೆ, ಓಗಬಾರದಾ?’

‘ಓಗಬೋದಣ್ಣಾ. ನನ್ನ ಒಂದ್ ಮಾತು ಕೇಳ್ಬೋದಿತ್ತು.’

ಆಗ ನನ್ನ ಬಾಯಿ ತೆರೆಯಿತು. ಎರಡು ತಿಂಗಳಿಂದ ಒಳಗೆ ಕುದ್ದದ್ದೆಲ್ಲ ಬಂತು.

‘ನಿನ್ನ ಕೇಳಿದ್ರೆ ನೀನು ಒತ್ತು ಅಂತಿದ್ದೆ. ನನ್ ಎಸ್ರಲ್ಲಿ ನೋಟು ಬರೆಸಿ ಒಪ್ಪಿಸೋಕೆ ಇಬ್ರೂ ಸೇರ್ಕೊಂಡಿದ್ದೀರಾ? ಅವ್ರು ನಿಂಗೆ ಹಳೇ ಪರಿಚಯ ಅಂತೆ. ಐದು ವರ್ಷದಿಂದ ಎಷ್ಟು ಕಮಿಷನ್ ತಗೊಂಡೆ ಏಳು. ನಂಗೆ ಗೊತ್ತಾಗಲ್ಲ ಅಂದ್ಕೊಂಡಿದ್ಯಾ.’

ಆ ಕಡೆಯಿಂದ ಕೆಳಗಿನ ಜೆರಾಕ್ಸ್ ಅಂಗಡಿಯ ಯಂತ್ರ ಓಡುವುದು ಮಾತ್ರ ಕೇಳಿಸುತ್ತಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಳು ಅಂತ ನಾನು ಒಳಗೊಳಗೇ ಬೀಗಿದೆ. ಅವಳು ಸುಮ್ಮನಿದ್ದದ್ದಕ್ಕೆ ಇನ್ನೊಂದು ಕಾರಣ ಇರಬಹುದು ಅಂತ ಹೊಳೆಯಲೇ ಇಲ್ಲ.

ಆಮೇಲೆ ಅವಳು ಮಾತಾಡಿದ್ದು ಪಾಠ ಒಪ್ಪಿಸುವ ದನಿಯಲ್ಲಿ.

‘ನಿಮ್ಮ ಅಂಗಡಿಯಿಂದ ಒಬ್ರು ನಲ್ಲಿ ತಗೊಂಡು ಓಗಿ, ಬೇಡ ಅಂತ ವಾಪಸ್ ತಂದ್ರೆ ನೀವೇನು ಮಾಡ್ತೀರಾ? ಬಿಲ್ಲು ಅರಿದಾಕಲ್ಲ. ಆ ಬಿಲ್ಲಿಂದ ಇಷ್ಟು ಕಡಿಮೆ ಮಾಡಿದೀವಿ ಅಂತ ಇನ್ನೊಂದು ಕಾಗದ ಕೊಡ್ತೀರಾ. ಕ್ರೆಡಿಟ್ ನೋಟು ಅಂದ್ರೆ ಅಷ್ಟೇ. ಅವ್ರು ನಿಮಗೆ ಕೊಡಬೇಕು ಅಂತ ಅವ್ರೇ ಬರ್ಕೊಟ್ಟಿರೋದು. ನೀವು ಅವ್ರಿಗೆ ಕೊಡಬೇಕು ಅಂತ ಅಲ್ಲ. ಪೈಪ್ ಕಂಪನಿಯವ್ರೂ ನಿಮಗೆ ಇಂಥವು ಎಷ್ಟೋ ಕೊಟ್ಟವ್ರೆ. ನೀವೇ ಕಟ್ಟು ಕಟ್ಟಿ ನನಗೆ ಕಳಿಸಿದೀರಾ.’

ನಾನು ಆ ಕಾಗದಗಳಿಗೆ ‘ರಿಟರ್ನ್ ಬಿಲ್ಲು’ ಅನ್ನುತ್ತಿದ್ದೆ. ತಲೆಬರಹ ಓದಿದವನಲ್ಲ. ಓದದೆ ಏನೂ ಮಾಡಬೇಡ ಅಂತ ಅಪ್ಪ ಹೇಳಿದ್ದು ಸಹಿಗೆ ಮಾತ್ರ ಅಂತ ಅಂದುಕೊಂಡಿದ್ದೆ ಅಂತ ಕಾಣುತ್ತದೆ.

‘ನೀವು ಏನೂ ಮುಟ್ಟದೇ ಇದ್ದಿದ್ರೆ,’ ಅವಳು ಮುಂದುವರಿಸಿದಳು, ‘ನಾನು ರಿಟರ್ನ್ ಆಕಿದಾಗ ಅದು ತಾನಾಗೇ ಒಪ್ಪಿಗೆ ಆಗ್ತಿತ್ತು. ಈಗ ಬೇಡ ಅಂದಿದ್ದೀರಾ. ಇಂಗೇ ಬಿಟ್ಟು ರಿಟರ್ನ್ ಆಕಿದ್ರೆ ಅವ್ರು ಆ ತೆರಿಗೇನ ಸರ್ಕಾರಕ್ಕೆ ಇನ್ನೊಂದ್ ಸಾರಿ ಕಟ್ಟಬೇಕಾಗ್ತೈತೆ. ನಿಮ್ಮ ದುಡ್ಡು ಅವ್ರು ಕೊಡಲ್ಲ. ಇಬ್ರಿಗೂ ನಷ್ಟ. ರಿಟರ್ನ್ ಆಕೋ ಮುಂಚೆ ಬದಲಾಯಿಸ್ಬೋದು. ಬದಲಾಯಿಸ್ಲಾ?’

‘ಬದಲಾಯಿಸು,’ ಅಂದೆ.

‘ಒಪ್ಪಿಗೆ ಅಂತ ಒತ್ತುತೀನಿ. ಹೋದ ಸಾರಿ ಇಡ್ಕೊಂಡಿದ್ದ ಸಾವಿರದ ಎಂಟುನೂರು ವಾಪಸ್ ಬಿಡ್ತೀನಿ. ಅಷ್ಟು ತೆರಿಗೆ ಈ ತಿಂಗ್ಳು ಜಾಸ್ತಿ ಕಟ್ಟಬೇಕಾಗ್ತೈತೆ. ಗೊತ್ತಾಯ್ತಾ?’

ಗೊತ್ತಾಯ್ತು ಅಂದೆ. ಓಟಿಪಿ ಬಂತು, ಓದಿದೆ. ‘ಆಯ್ತಣ್ಣಾ’ ಅನ್ನುತ್ತಾಳೆ ಅಂತ ಫೋನು ಕಿವಿಗೇ ಹಿಡಿದುಕೊಂಡಿದ್ದೆ. ಫೋನು ಕಟ್ಟಾಗಿತ್ತು.

ವಾರದೊಳಗೆ ಹನ್ನೊಂದು ಸಾವಿರದ ಎಂಟುನೂರೂ ಖಾತೆಗೆ ಬಂತು, ಒಂದು ಪೈಸೆ ಕಡಿಮೆಯಿಲ್ಲದೆ. ಕ್ರೆಡಿಟ್ ನೋಟಿನ ಪ್ರತಿಯೂ ಇಮೇಲಿಗೆ ಬಂತು. ನಾನು ಅದನ್ನು ಈ ಸಲ ಪೂರ್ತಿ ಓದಿದೆ. ಅವಳು ಹೇಳಿದ ಹಾಗೇ ಇತ್ತು. ಮೇಲೆ ಹಳೇ ಇನ್‌ವಾಯ್ಸಿನ ಸಂಖ್ಯೆ, ಕೆಳಗೆ ನಮಗೆ ಮರಳಬೇಕಾದ ಮೊತ್ತ. ನಾನು ಕೊಡಬೇಕಾದ್ದು ಅಂತ ಎಲ್ಲೂ ಇರಲಿಲ್ಲ.

‘ಬಂತಲ್ಲ ದುಡ್ಡು. ಈಗ ಓಗಿ ಆ ಮಗೂನ ಮಾತಾಡ್ಸಿ ಬನ್ನಿ,’ ಅಂದಳು ಹೆಂಡತಿ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಅದು ನನಗೂ ಗೊತ್ತಿತ್ತು. ಎರಡು ದಿನ ಅಂಗಡಿಯಲ್ಲಿ ಕೆಲಸವಿದೆ ಅಂತ ತಪ್ಪಿಸಿಕೊಂಡೆ. ಮೂರನೆಯ ದಿನ ಮಾರಿಕುಪ್ಪಂ ಕಡೆಯಿಂದ ಬರುವ ರೈಲು ಹತ್ತಿ ಬಂಗಾರಪೇಟೆಗೆ ಹೋದೆ. ದಾರಿಯುದ್ದಕ್ಕೂ ಏನು ಹೇಳಬೇಕು ಅಂತ ಜೋಡಿಸಿಕೊಂಡೆ. ಇಳಿಯುವಷ್ಟರಲ್ಲಿ ಎಲ್ಲಾ ಮರೆತಿತ್ತು.

ಮಹಡಿ ಹತ್ತಿದೆ. ಸಣ್ಣ ಕೋಣೆ. ಫೈಲುಗಳ ಕಟ್ಟು ಗೋಡೆಯುದ್ದಕ್ಕೂ. ಒಂದೊಂದರ ಬೆನ್ನ ಮೇಲೂ ಒಂದೊಂದು ಅಂಗಡಿಯ ಹೆಸರು. ಅವಳು ಎದ್ದು ನಿಂತು ಕುರ್ಚಿ ತೋರಿಸಿದಳು, ನೀರು ಕೊಟ್ಟಳು.

‘ಕೋಪದಲ್ಲಿ ಏನೋ ಅಂದ್ಬಿಟ್ಟೆ ಕಣಮ್ಮಾ,’ ಅಂದೆ. ‘ಮನ್ಸಲ್ಲಿ ಇಟ್ಕೋಬೇಡ. ನಂಗೆ ನೋಟು ಅಂದ್ರೆ...’

ಅಪ್ಪನ ಕಥೆ ಹೇಳಿದೆ. ಅವಳು ಪೂರ್ತಿ ಕೇಳಿದಳು. ಕೇಳಿ, ಮೇಜಿನ ಖಾನೆಯಿಂದ ತನ್ನ ಬ್ಯಾಂಕಿನ ಪಾಸ್‌ಬುಕ್ ತೆಗೆದು ನನ್ನ ಮುಂದೆ ಇಟ್ಟಳು.

‘ಐದು ವರ್ಷದ್ದೂ ಪ್ರಿಂಟ್ ಹಾಕಿಸಿ ಇಟ್ಟಿದೀನಿ. ನನಗೆ ಇರೋದು ಇದೊಂದೇ ಖಾತೆ. ಆ ಕಂಪನಿಯಿಂದ ನನಗೆ ಬಂದಿದ್ದು ವರ್ಷಕ್ಕೊಂದು ಗೋಡೆ ಕ್ಯಾಲೆಂಡರ್. ಅವ್ರು ಹಳೇ ಪರಿಚಯ ಅಂದಿದ್ದು ಯಾಕೆ ಅಂದ್ರೆ, ಈ ಊರಿನ ನಾಲ್ಕೈದು ಅಂಗಡಿಗಳ ಪರವಾಗಿ ನಾನೇ ಅವ್ರ ಹತ್ರ ಜಗಳ ಆಡೋದು. ನಿಮ್ಮದೂ ಅದೇ ಥರ ಹೋದ ತಿಂಗಳು ಜಗಳ ಆಡಿದ್ದೆ. ನೋಡ್ಕೊಳ್ಳಿ.’

ಬೇಡಮ್ಮಾ ಅನ್ನಬೇಕಿತ್ತು. ಆ ಪಾಸ್‌ಬುಕ್ಕನ್ನು ಅವಳ ಕಡೆಗೆ ತಳ್ಳಿ, ನಂಗೆ ಬೇಡ, ನೀನು ಹೇಳಿದ್ದೇ ಸಾಕು ಅನ್ನಬೇಕಿತ್ತು. ಅಷ್ಟಕ್ಕೆ ಸಮಯವಿತ್ತು. ಅವಳು ಅದನ್ನು ಮೇಜಿನ ಮೇಲೆ ಇಟ್ಟಿದ್ದಳೇ ಹೊರತು ತೆರೆದಿರಲಿಲ್ಲ.

ನಾನು ತೆರೆದೆ.

ಯಾಕೆ ಅಂತ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಅಭ್ಯಾಸ, ಅಷ್ಟೇ. ಕೈಗೆ ಕಾಗದ ಸಿಕ್ಕರೆ ಕಣ್ಣು ಕೆಳಗೆ ಇಳಿಯುತ್ತದೆ. ಒಂದು ಪುಟ, ಎರಡು ಪುಟ, ಮೂರನೆಯದನ್ನೂ ತಿರುಗಿಸಿದೆ. ಎಲ್ಲಾ ಸಣ್ಣ ಸಣ್ಣ ಮೊತ್ತ, ಅಂಗಡಿಗಳ ಫೀಸು. ನನ್ನದೂ ಇತ್ತು. ಬಂಗಾರಪೇಟೆಯ ಅಂಗಡಿ ಮುಳುಗುತ್ತಿದ್ದ ಆರು ತಿಂಗಳು ನನ್ನ ಹೆಸರು ಇರಲಿಲ್ಲ. ಆಮೇಲೂ ಆ ಬಾಕಿ ಬಂದದ್ದು ಕಾಣಲಿಲ್ಲ. ಅಂದರೆ ನಾನು ಇವತ್ತಿಗೂ ಅದನ್ನು ಕೊಟ್ಟಿರಲಿಲ್ಲ. ಕಂಪನಿಯ ಹೆಸರು ಎಲ್ಲಿಯೂ ಇರಲಿಲ್ಲ. ತಲೆ ಎತ್ತಿದರೆ ಅವಳು ನನ್ನನ್ನೇ ನೋಡುತ್ತಿದ್ದಳು. ನಾನು ತೆರೆಯುತ್ತೇನೋ ಇಲ್ಲವೋ ಅಂತ ನೋಡಲು ಅವಳು ಅದನ್ನು ಇಟ್ಟಿರಲಿಕ್ಕಿಲ್ಲ. ಆದರೆ ಈಗ ನೋಡಿಯಾಗಿತ್ತು.

‘ಆಯ್ತಾ?’ ಅಂದಳು.

‘ಆಯ್ತು,’ ಅಂದೆ. ಪಾಸ್‌ಬುಕ್ ಮುಚ್ಚಿ ಅವಳ ಕಡೆ ತಳ್ಳಿದೆ. ಬಾಕಿ ಫೀಸಿನ ಮಾತು ತೆಗೆದೆ. ‘ಬೇಡ, ಅದನ್ನ ಬಿಟ್ಟಿದ್ದೆ,’ ಅಂದಳು. ನಾನು ಒತ್ತಾಯ ಮಾಡಿದೆ. ‘ಹಾಗಾದ್ರೆ ರಸೀದಿ ಕೊಡ್ತೀನಿ,’ ಅಂದಳು. ಕೊಟ್ಟೆ, ರಸೀದಿ ಬರೆದಳು, ಹರಿದು ಕೊಟ್ಟಳು. ಅಷ್ಟು ವರ್ಷದಲ್ಲಿ ನಮ್ಮಿಬ್ಬರ ಮಧ್ಯೆ ಅದು ಮೊದಲ ರಸೀದಿ.

ಆಮೇಲೆ ಇನ್ನೊಂದು ಕಾಗದ ಮುಂದಿಟ್ಟಳು. ಕನ್ನಡದಲ್ಲೇ ಟೈಪು ಮಾಡಿಸಿದ್ದು. ಈ ತಿಂಗಳ ರಿಟರ್ನಿನಲ್ಲಿ ಇಂತಿಂಥ ಮಾರಾಟ, ಇಂತಿಂಥ ಖರೀದಿ, ಇಷ್ಟು ತೆರಿಗೆ. ಇದನ್ನು ನಾನು ಓದಿ, ತಿಳಿದುಕೊಂಡು, ನನ್ನ ಪರವಾಗಿ ಸಲ್ಲಿಸಲು ಒಪ್ಪಿಗೆ ಕೊಟ್ಟಿದ್ದೇನೆ. ಕೆಳಗೆ ಸಹಿಗೆ ಜಾಗ.

‘ಇನ್ಮೇಲೆ ಪ್ರತಿ ತಿಂಗಳೂ ಇದು ವಾಟ್ಸಾಪಿಗೆ ಬರುತ್ತೆ. ಸಹಿ ಮಾಡಿ ಫೋಟೋ ಕಳಿಸಿ. ಅದು ಬಂದ ಮೇಲೆ ಓಟಿಪಿ ಕೇಳ್ತೀನಿ. ಪಾಸ್‌ವರ್ಡ್ ನೀವೇ ಬದಲಾಯಿಸಿ ಇಟ್ಕೊಳ್ಳಿ, ಬೇಕಾದಾಗ ಕೇಳ್ತೀನಿ.’

‘ಇದೆಲ್ಲಾ ಯಾಕಮ್ಮಾ,’ ಅಂದೆ.

‘ಇದು ಮೊದಲೇ ಇರಬೇಕಿತ್ತು. ತಪ್ಪು ನನ್ನದು, ಸರ್.’

ಅವಳ ಬಾಯಲ್ಲಿ ಸರ್ ಅನ್ನುವುದನ್ನು ಮೊದಲ ಸಲ ಕೇಳಿದೆ. ಅವಳ ಮಾತು ಕೂಡ ಬದಲಾಗಿತ್ತು. ಮನೆಯ ಮಾತು ಬಿಟ್ಟು ಆಫೀಸಿನ ಕನ್ನಡ ಆಡುತ್ತಿದ್ದಳು, ‘ಐತೆ’ ಹೋಗಿ ‘ಇದೆ’ ಬಂದಿತ್ತು. ಬೈದಿದ್ದರೆ ಬೈಸಿಕೊಂಡು ಬರುತ್ತಿದ್ದೆ. ನನ್ನ ಲೆಕ್ಕ ಬೇಡ ಅಂದಿದ್ದರೆ ಜಗಳವಾಡಿ ಒಪ್ಪಿಸುತ್ತಿದ್ದೆ. ಅವಳು ಪೆನ್ನು ಕೊಟ್ಟಳು.

ಹಾಗೆ ಒಂದು ವರ್ಷವಾಗುತ್ತಾ ಬಂತು. ಲೆಕ್ಕ ಒಂದು ದಿನವೂ ತಡವಾಗಿಲ್ಲ, ಒಂದು ರೂಪಾಯಿ ಆಚೀಚೆ ಆಗಿಲ್ಲ. ಹೊರಗಿನವರು ಯಾರಾದರೂ ನೋಡಿದರೆ, ವ್ಯವಹಾರ ಅಂದರೆ ಹೀಗಿರಬೇಕು ಅನ್ನುತ್ತಾರೆ. ಎಲ್ಲದಕ್ಕೂ ಬರವಣಿಗೆಯಿದೆ, ಎಲ್ಲದಕ್ಕೂ ಸಹಿಯಿದೆ. ನಾನು ಜೀವನದುದ್ದಕ್ಕೂ ಬಯಸಿದ್ದು ಇದನ್ನೇ. ಇಪ್ಪತ್ತನೆಯ ತಾರೀಖು ಹತ್ತಿರ ಬಂದರೆ ಮಾತ್ರ ನನಗೆ ಯಾಕೋ ಅಂಗಡಿಯಲ್ಲಿ ಕೂರಲು ಬೇಜಾರು. ಇದನ್ನು ಹೆಂಡತಿಗೂ ಹೇಳಿಲ್ಲ.

ಲೆಕ್ಕದವಳಿಗೆ ನನ್ನ ಮನಸ್ಸು ಹೇಗೆ ತಿಳಿಸುವುದು ಅಂತ ಯೋಚಿಸಿ ಒಂದು ಉಪಾಯ ಕಂಡುಕೊಂಡೆ. ಕಾಗದ ವಾಟ್ಸಾಪಿಗೆ ಬಂದ ತಕ್ಷಣ ಓದದೆ ಸಹಿ ಹಾಕುತ್ತೇನೆ. ಅಪ್ಪ ಹೇಳಿದ ಮಾತು ಮೀರಿ, ಒಂದು ಅಂಕಿಯನ್ನೂ ನೋಡದೆ ಸಹಿ ಹಾಕಿ, ಒಂದೇ ನಿಮಿಷದೊಳಗೆ ಫೋಟೋ ಕಳಿಸುತ್ತೇನೆ. ಓದಲು ಸಮಯವೇ ಇರಲಿಲ್ಲ ಅಂತ ಅವಳಿಗೆ ಗೊತ್ತಾಗಲಿ, ಅದರಿಂದ ಉಳಿದದ್ದೂ ಗೊತ್ತಾಗಲಿ ಅಂತ.

ಪ್ರತಿ ತಿಂಗಳೂ ಅವಳಿಂದ ಅದೇ ಉತ್ತರ ಬರುತ್ತದೆ. ‘ದಯವಿಟ್ಟು ಓದಿ ಸಹಿ ಮಾಡಿ, ಸರ್.’